ಉಚಿತವಾಗಿ ಬಂದ ವಸ್ತುವಿನ ವಿಮರ್ಶೆ: ಕಿರಿಯ ಬರಹಗಾರ್ತಿಗೊಂದು ಪತ್ರ

ಪ್ರೀತಿಯ ತಂಗಿ,

ಇಯರ್‌ಬಡ್‌ಗಳ ಬಗ್ಗೆ ನೀನು ಬರೆದ ವಿಮರ್ಶೆಯ ಕರಡನ್ನೂ ಅದರ ಜೊತೆ ಕಳುಹಿಸಿದ ಟಿಪ್ಪಣಿಗಳನ್ನೂ ಓದಿದೆ. ಕೊನೆಯಲ್ಲಿ ‘ಇದನ್ನು ಕಳುಹಿಸಿಕೊಟ್ಟ ಕಂಪನಿಗೆ ಧನ್ಯವಾದಗಳು’ ಎಂದು ಸೇರಿಸಿದ್ದೀಯೆ. ಇಷ್ಟು ಹೇಳಿದರೆ ಸಾಕೇ ಎಂದು ಕೇಳಿದ್ದೀಯೆ. ಸಾಲದು. ಓದುಗ ಅಲ್ಲಿಗೆ ಬರುವಷ್ಟರಲ್ಲಿ ‘ಧಾರಾಳವಾಗಿ ಕೊಳ್ಳಬಹುದು’ ಎಂಬ ನಿನ್ನ ಮಾತನ್ನು ನಂಬಿಬಿಟ್ಟಿರುತ್ತಾನೆ. ಅರ್ಧಕ್ಕೇ ಓದು ನಿಲ್ಲಿಸಿದವನಿಗಂತೂ ಆ ಸಾಲು ಕಾಣುವುದೇ ಇಲ್ಲ. ಅಲ್ಲದೆ ಧನ್ಯವಾದ ಎಂದಷ್ಟೇ ಹೇಳಿದರೆ ವಸ್ತು ನಿನ್ನ ಬಳಿಯೇ ಉಳಿಯಿತೋ, ಹಣವೂ ಬಂತೋ ಎಂಬುದು ತಿಳಿಯುವುದಿಲ್ಲ.

ಆ ಸಾಲನ್ನು ತೆಗೆದುಹಾಕಿ ಮೊದಲ ಪ್ಯಾರಾದಲ್ಲೇ ಹೀಗೆ ಬರೆ: ‘ಈ ಇಯರ್‌ಬಡ್‌ಗಳನ್ನು ತಯಾರಿಸಿದ ಕಂಪನಿಯೇ ವಿಮರ್ಶೆಗಾಗಿ ಉಚಿತವಾಗಿ ಕಳುಹಿಸಿದೆ. ಹಿಂದಿರುಗಿಸಬೇಕಾಗಿಲ್ಲ. ಬರೆಯಲು ಹಣ ಪಡೆದಿಲ್ಲ. ಪ್ರಕಟಣೆಗೆ ಮೊದಲು ಕಂಪನಿಯವರು ಇದನ್ನು ಓದಿಲ್ಲ.’ ಇವುಗಳಲ್ಲಿ ಯಾವುದು ನಿಜವಲ್ಲವೋ ಅದನ್ನು ಇದ್ದಂತೆಯೇ ತಿದ್ದಿಕೋ. ಖರೀದಿಯ ಲಿಂಕಿನಿಂದ ನಿನಗೆ ಕಮಿಷನ್ ಬರುವುದಾದರೆ ಅದನ್ನು ಲಿಂಕಿನ ಪಕ್ಕದಲ್ಲೇ ಹೇಳು. ‘ಸಹಯೋಗದಲ್ಲಿ’ ಎಂಬ ನುಣುಪು ಮಾತು ಬೇಡ. ಅದರಿಂದ ಏನೂ ಸ್ಪಷ್ಟವಾಗುವುದಿಲ್ಲ.

ನನಗೆ ನಿಜವಾದ ಆತಂಕ ಇರುವುದು ಇದರ ಮುಂದಿನ ಹಂತದಲ್ಲಿ. 2005ರಲ್ಲಿ ಡೇಲಿಯನ್ ಕೇನ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಡಾನ್ ಮೂರ್ ಎಂಬ ಸಂಶೋಧಕರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಜಾಡಿಯೊಂದರಲ್ಲಿರುವ ನಾಣ್ಯಗಳ ಮೌಲ್ಯವನ್ನು ಕೆಲವರು ಊಹಿಸಬೇಕಿತ್ತು. ಜಾಡಿಯನ್ನು ಹತ್ತಿರದಿಂದ ನೋಡಿದ ಸಲಹೆಗಾರರು ಅವರಿಗೆ ನೆರವಾಗಬೇಕಿತ್ತು. ಊಹೆ ಹೆಚ್ಚಾದಷ್ಟೂ ತಮಗೆ ಲಾಭವಾಗುವಂತಿದ್ದ ಸಲಹೆಗಾರರು ಮೌಲ್ಯವನ್ನು ಏರಿಸಿಯೇ ಹೇಳಿದರು. ಆ ಲಾಭದ ವಿಷಯವನ್ನು ಬಹಿರಂಗಪಡಿಸಿದಾಗ ಅವರು ಇನ್ನಷ್ಟು ಏರಿಸಿದರು! ಕೇಳುವವರು ಸ್ವಲ್ಪ ಕಳೆದು ಲೆಕ್ಕ ಹಾಕಿದರು ನಿಜ, ಆದರೆ ಬೇಕಾದಷ್ಟು ಕಳೆಯಲಿಲ್ಲ. ಹೇಳಬೇಕಾದ್ದನ್ನು ಹೇಳಿಯಾಯಿತು ಎಂಬ ನಿರಾಳವೇ ನಾಲಿಗೆಯನ್ನು ಸಡಿಲಗೊಳಿಸಬಲ್ಲದು. ಆದ್ದರಿಂದ ಮೊದಲ ಪ್ಯಾರಾ ಬರೆದಾದ ಮೇಲೆ ತೀರ್ಪನ್ನು ಬೇರೆಯಾಗಿಯೇ ಕಾಪಾಡಿಕೊಳ್ಳಬೇಕು.

ನಿನ್ನ ಕರಡಿನಲ್ಲೇ ನೋಡು. ಸದ್ದು ತಗ್ಗಿಸುವ ಸೌಲಭ್ಯವನ್ನು ಚಾಲೂ ಮಾಡಿದಾಗ ಬ್ಯಾಟರಿ ನಾಲ್ಕೂವರೆ ಗಂಟೆ ಬಂತೆಂದು ನಿನ್ನ ಟಿಪ್ಪಣಿಯಲ್ಲಿದೆ. ಪೆಟ್ಟಿಗೆಯ ಮೇಲೆ ಏಳು ಗಂಟೆ ಎಂದಿದೆ. ಕರಡಿನಲ್ಲಿ ಮಾತ್ರ ಇದು ‘ದಿನದ ಬಳಕೆಗೆ ಸಾಕಾಗುವ ಬ್ಯಾಟರಿ’ ಆಗಿಬಿಟ್ಟಿದೆ. ಪೆಟ್ಟಿಗೆಯ ಮೇಲಿನ ಅಂಕಿ ಸಾಮಾನ್ಯವಾಗಿ ಆ ಸೌಲಭ್ಯವನ್ನು ಆಫ್ ಮಾಡಿ, ಮಧ್ಯಮ ಸದ್ದಿನಲ್ಲಿ ಅಳೆದದ್ದು. ಹಾಗಾಗಿ ಕಂಪನಿ ಸುಳ್ಳು ಹೇಳಿದೆ ಎನ್ನಲು ಆತುರಪಡಬೇಡ. ಅದನ್ನು ಆಫ್ ಮಾಡಿ ಇನ್ನೊಮ್ಮೆ ಅಳೆದು ಎರಡೂ ಅಂಕಿಗಳನ್ನು ಕೊಡು. ಇನ್ನು ಗಾಳಿಯಲ್ಲಿ ನಿಂತು ಮಾತನಾಡಿದಾಗ ಆ ಕಡೆಯವರಿಗೆ ಅರ್ಧ ಮಾತೂ ಕೇಳಿಸಲಿಲ್ಲ ಎಂದು ಟಿಪ್ಪಣಿ ಮಾಡಿಕೊಂಡಿದ್ದೀಯೆ. ಕರಡಿನಲ್ಲಿ ಅದು ‘ಕರೆಗಳ ಗುಣಮಟ್ಟದಲ್ಲಿ ಸುಧಾರಣೆಗೆ ಅವಕಾಶವಿದೆ’ ಎಂದಾಗಿದೆ. ನೀನು ಸುಳ್ಳು ಹೇಳಿಲ್ಲ, ಆದರೆ ದೋಷದ ಹಲ್ಲು ಕಿತ್ತಿದ್ದೀಯೆ. ಉಡುಗೊರೆಯ ಋಣ ಕೆಲಸ ಮಾಡುವುದು ಹೀಗೆಯೇ. ಹೊಗಳಿಕೆ ಹೆಚ್ಚುವ ಮೊದಲು ಟೀಕೆ ಮೆತ್ತಗಾಗುತ್ತದೆ. ಕರಡನ್ನೂ ಟಿಪ್ಪಣಿಯನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಇದು ಕಣ್ಣಿಗೆ ಬೀಳುತ್ತದೆ.

ಬೆಲೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಣ ಕೊಡದವಳಿಗೆ ದುಬಾರಿ ಎನಿಸುವುದು ಕಷ್ಟ. ಮುಂದಿನ ಸಲ ಪೆಟ್ಟಿಗೆ ತೆರೆಯುವ ಮೊದಲೇ, ಈ ಬೆಲೆಗೆ ಏನೇನು ಇರಲೇಬೇಕು, ಯಾವ ದೋಷ ಕಂಡರೆ ನೀನಾಗಿದ್ದರೆ ಅಂಗಡಿಗೆ ವಾಪಸು ಕೊಡುತ್ತಿದ್ದೆ ಎಂಬುದನ್ನು ದಿನಾಂಕ ಹಾಕಿ ಬರೆದಿಡು. ತೀರ್ಪು ಕೊಡುವಾಗ ಆ ಹಾಳೆಗೆ ಉತ್ತರ ಕೊಡು. ಇದರಿಂದ ಇನ್ನೊಂದು ಅನುಕೂಲವೂ ಇದೆ. ಯಾರಿಗೂ ಮಣಿಯುವವಳಲ್ಲ ಎಂದು ತೋರಿಸಲು ಚಿಕ್ಕ ತಪ್ಪನ್ನು ಹಿಗ್ಗಿಸುವ ಚಪಲವನ್ನೂ ಅದು ತಡೆಯುತ್ತದೆ.

ವಸ್ತು ಕೆಟ್ಟುಹೋಗಿ ಕಂಪನಿ ಬೇರೆಯದನ್ನು ಕಳುಹಿಸಿದರೆ ಮೊದಲನೆಯದು ಕೆಟ್ಟಿತ್ತು ಎಂಬುದೂ ವಿಮರ್ಶೆಯಲ್ಲಿರಲಿ. ಬದಲಿ ಎಷ್ಟು ಬೇಗ ಬಂತು ಎಂದು ಹೊಗಳಬೇಡ. ಕೊಂಡವರಿಗೂ ಅದೇ ವೇಗದಲ್ಲಿ ಬರುತ್ತದೆಂದು ನಿನಗೆ ತಿಳಿಯದು.

ಪ್ರಕಟಣೆಗೆ ಮೊದಲು ಒಮ್ಮೆ ನೋಡುತ್ತೇವೆ ಎಂದು ಅವರು ಕೇಳಿದ್ದಾರಂತೆ. ತೂಕ, ಬಣ್ಣಗಳು, ವಾರಂಟಿಯ ಅವಧಿ ಇಂಥ ವಿವರಗಳನ್ನು ಮಾತ್ರ ಪ್ರಶ್ನೆಯಾಗಿ ಬರೆದು ಕಳುಹಿಸಿ ಖಚಿತಪಡಿಸಿಕೋ. ಕರಡನ್ನು ಕಳುಹಿಸಬೇಡ. ಅದೇ ಷರತ್ತು ಎಂದು ಹಟ ಹಿಡಿದರೆ ಇಯರ್‌ಬಡ್‌ಗಳನ್ನು ಪೆಟ್ಟಿಗೆಗೆ ಹಾಕಿ ಹಿಂದಿರುಗಿಸು. ಬ್ಯಾಟರಿಯನ್ನು ಮತ್ತೆ ಅಳೆದ ಮೇಲೆ ಕರಡನ್ನು ನನಗೆ ಕಳುಹಿಸು.

ಪ್ರೀತಿಯಿಂದ,
ನಿನ್ನ ಅಕ್ಕ