ಅಪ್ಪನ ಫೋಟೋದಲ್ಲಿ ತಲೆ, ಭುಜ ತಿದ್ದಿದ ರೀತಿಯ ಬಗ್ಗೆ ದೂರು

ಸ್ಟುಡಿಯೋ ಮಾಲೀಕರಿಗೆ,

ನಮಸ್ಕಾರ.

ಮದುವೆಯೊಂದರಲ್ಲಿ ತೆಗೆದ ಅಪ್ಪನ ಫೋಟೋವನ್ನು ಹೋದ ವಾರ ನಿಮ್ಮಲ್ಲಿ ಕೊಟ್ಟಿದ್ದೆ. ತಲೆ ಒಂದು ಕಡೆ ವಾಲಿದೆ, ಭುಜ ಏರುಪೇರಾಗಿದೆ, ಸ್ವಲ್ಪ ಸರಿ ಮಾಡಿ ಕಟ್ಟು ಹಾಕಿಕೊಡಿ ಎಂದಿದ್ದೆ. ವರ್ಷದ ತಿಥಿಗೆ ಬೇಕಿತ್ತು. ನಿನ್ನೆ ಫೋಟೋ ನೋಡಿದ ಅಮ್ಮ, "ಇವರು ಹೀಗಿರಲಿಲ್ಲ" ಎಂದು ಎದ್ದು ಒಳಗೆ ಹೋದರು.

ಮೂಲ ಫೋಟೋದಲ್ಲಿ ಅಪ್ಪನ ತಲೆ ನಮ್ಮ ಎಡಕ್ಕೆ ಸುಮಾರು 7 ಡಿಗ್ರಿ ವಾಲಿತ್ತು. ನಮ್ಮ ಬಲಗಡೆಯ ಭುಜ 3 ಡಿಗ್ರಿ ತಗ್ಗಿತ್ತು. ಎರಡೂ ಕಣ್ಣು ಒಂದೇ ಮಟ್ಟಕ್ಕೆ ಬರಲಿ ಎಂದು ನೀವು ಇಡೀ ಫೋಟೋವನ್ನೇ 7 ಡಿಗ್ರಿ ತಿರುಗಿಸಿದ್ದೀರಿ. ಕಣ್ಣೇನೋ ನೇರವಾಯಿತು. ಆದರೆ ಮೊದಲೇ ತಗ್ಗಿದ್ದ ಭುಜ ಈಗ 10 ಡಿಗ್ರಿ ಇಳಿಯಿತು. ಹಿಂದಿನ ಬಾಗಿಲು ಬಲಕ್ಕೆ ವಾಲಿತು. ಆಮೇಲೆ Liquify ತೆರೆದು, ಚಿಕ್ಕ ಬ್ರಷ್‌ನಲ್ಲಿ ಆ ಭುಜವನ್ನು ಮೇಲಕ್ಕೆ ತಳ್ಳಿದ್ದೀರಿ. ಅಂಗಿಯ ಗೆರೆಗಳನ್ನು ನೋಡಿದರೆ ಸಾಕು, ಗೊತ್ತಾಗುತ್ತದೆ. ಕಾಲರ್ ಪಕ್ಕದಲ್ಲಿ ಅವು ನೀರಿನ ಅಲೆಯ ಹಾಗೆ ಕುಣಿದಿವೆ. ಭುಜದ ಹತ್ತಿರ ಬಾಗಿಲ ಚೌಕಟ್ಟೂ ಡೊಂಕಾಗಿದೆ.

ನಾನೂ ಎಂಟು ವರ್ಷ ಫೋಟೋ ತಿದ್ದುವ ಕೆಲಸ ಮಾಡಿದವನು. ಈಗ ಕಣ್ಣು ಸಾಲದೆ ನಿಮ್ಮ ಹತ್ತಿರ ಬಂದೆ. ತಲೆ ಮತ್ತು ಭುಜ ಎದುರುಬದುರು ವಾಲಿದ್ದಾಗ ಎರಡನ್ನೂ ಒಂದೇ ಸಲ ತಿರುಗಿಸಬಾರದು, ಅಲ್ವಾ? ತಲೆಯನ್ನು ಕುತ್ತಿಗೆ ಸಮೇತ ಬೇರೆ ಲೇಯರ್‌ಗೆ ತೆಗೆದುಕೊಳ್ಳಬೇಕು. ತಿರುಗಿಸುವ ಕೇಂದ್ರವನ್ನು ಕುತ್ತಿಗೆಯ ಬುಡದಲ್ಲಿ, ಕಾಲರ್ ಸೇರುವ ಕಡೆ ಇಡಬೇಕು. ಮುಖದ ನಡುವೆ ಇಟ್ಟರೆ ಗದ್ದ ಪಕ್ಕಕ್ಕೆ ಸರಿದು ಕುತ್ತಿಗೆ ಮುರಿದ ಹಾಗೆ ಕಾಣುತ್ತದೆ. ಮಾಸ್ಕಿನ ಅಂಚನ್ನು ಮೆತ್ತಗೆ ಮಾಡಿ ಕಾಲರ್ ಒಳಗೇ ಮುಗಿಸಬೇಕು. ತಲೆ ಸರಿದ ಜಾಗದಲ್ಲಿ ಹಳೆಯ ಕೂದಲಿನ ಅಂಚು ಉಳಿಯುತ್ತದೆ, ಅದನ್ನು ಹಿನ್ನೆಲೆಯಿಂದ ಮುಚ್ಚಬೇಕು.

ಭುಜಕ್ಕೆ ಭುಜಕ್ಕಿಂತ ದೊಡ್ಡ ಬ್ರಷ್, ಕಡಿಮೆ ಒತ್ತಡ ಸಾಕು. ಬಾಗಿಲು, ಗದ್ದ ಎರಡನ್ನೂ ಮೊದಲು Freeze Mask ಹಾಕಿ ಕಾಪಾಡಬೇಕು. ಈ ಫೈಲಿನಲ್ಲಿ ಭುಜದಿಂದ ಭುಜಕ್ಕೆ ಸುಮಾರು 1200 ಪಿಕ್ಸೆಲ್ ಇದೆ. ಅಂದರೆ 3 ಡಿಗ್ರಿಗೆ ಎತ್ತರದ ವ್ಯತ್ಯಾಸ ಬರೀ 60 ಪಿಕ್ಸೆಲ್ ಚಿಲ್ಲರೆ. ಒಂದೇ ಭುಜವನ್ನು ಅಷ್ಟೂ ಎತ್ತುವ ಬದಲು, ತಗ್ಗಿದ್ದನ್ನು 20 ಪಿಕ್ಸೆಲ್ ಎತ್ತಿ, ಇನ್ನೊಂದನ್ನು 20 ಇಳಿಸಿದರೆ ಅಂಗಿಯ ಗೆರೆ ಕೆಡುವುದಿಲ್ಲ.

ಉಳಿದ 20 ಹಾಗೇ ಇರಲಿ. ತಲೆಯನ್ನೂ 5 ಡಿಗ್ರಿ ಮಾತ್ರ ತಿರುಗಿಸಿ. ಅಪ್ಪ ನಗುವಾಗ ತಲೆ ಸ್ವಲ್ಪ ವಾಲಿಸುತ್ತಿದ್ದರು, ಅದು ಪೂರ್ತಿ ಹೋದರೆ ನಮಗೆ ಅವರು ಸಿಗುವುದಿಲ್ಲ.

ಮೂಲ ಫೈಲಿನಿಂದಲೇ ಹೊಸದಾಗಿ ಮಾಡಿಕೊಡಿ, ಈಗ ತಿದ್ದಿರುವುದನ್ನೇ ಮತ್ತೆ ಎಳೆಯಬೇಡಿ. ಪ್ರಿಂಟ್ ಹಾಕುವ ಮೊದಲು ಒಮ್ಮೆ ಎಡಬಲ ತಿರುವಿ ನೋಡಿ, ತಪ್ಪಿದ್ದರೆ ಆಗ ಎದ್ದು ಕಾಣುತ್ತದೆ. ತಿಥಿ ಬರುವ ಶುಕ್ರವಾರ. ಬುಧವಾರದೊಳಗೆ ಆಗುವುದಿಲ್ಲ ಎಂದಾದರೆ ಮೂಲ ಫೋಟೋ ಮತ್ತು ಕೊಟ್ಟ ₹1,800 ವಾಪಸ್ ಕೊಡಿ.

ಇಂತಿ,
ನಿಮ್ಮ ಗ್ರಾಹಕ