ಮೊಣಕಾಲು ಶಸ್ತ್ರಚಿಕಿತ್ಸೆಯ ಕ್ಲೇಮಿನಲ್ಲಿ ಕಡಿಮೆ ಕೊಟ್ಟ ₹16,000 ಕುರಿತು ದೂರು

ಗೆ,
ಕುಂದುಕೊರತೆ ಪರಿಹಾರ ಅಧಿಕಾರಿಗಳು,
ಆರೋಗ್ಯ ವಿಮಾ ಕಂಪನಿ

ಮಾನ್ಯರೆ,

ನಮ್ಮ ತಾಯಿಗೆ 68 ವರ್ಷ. ನಾವು ಗದಗದವರು. ಅವರ ಹೆಸರಿನಲ್ಲಿ ನಿಮ್ಮಲ್ಲಿ ₹5 ಲಕ್ಷದ ಹಿರಿಯ ನಾಗರಿಕರ ಪಾಲಿಸಿ ಇದೆ. ಕಳೆದ ತಿಂಗಳು ಹುಬ್ಬಳ್ಳಿಯಲ್ಲಿ ಅವರ ಬಲ ಮೊಣಕಾಲಿನ ಕೀಲು ಬದಲಿಸಲಾಯಿತು. ಬಿಲ್ಲು ₹2,00,000 ಆಯಿತು. ನೀವು ಕೊಟ್ಟದ್ದು ₹80,000.

ಪಾಲಿಸಿ ಮಾಡಿಸುವಾಗ ನಿಮ್ಮ ಏಜೆಂಟರು ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಹೇಳಿದ್ದು ಇಷ್ಟೇ: "ಇಪ್ಪತ್ತು ಪರ್ಸೆಂಟ್ ನೀವು ಹಾಕ್ರಿ, ಉಳದದ್ದು ಕಂಪನಿ ಕೊಡತೈತ್ರಿ." ಒಂದು ಮೊಣಕಾಲಿಗೆ ₹1,20,000ದ ಮಿತಿ ಇದೆ ಎಂಬ ಮಾತೇ ಬರಲಿಲ್ಲ. ಡಿಸ್ಚಾರ್ಜ್ ದಿನ ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಅದು ಗೊತ್ತಾದಾಗ ಅವ್ವ ವ್ಹೀಲ್‌ಚೇರಿನಲ್ಲಿ ಕಾಯುತ್ತಿದ್ದರು, ನಾನು ಸಂಬಂಧಿಕರಿಗೆ ಫೋನ್ ಮಾಡಿ ಹಣ ಹೊಂದಿಸುತ್ತಿದ್ದೆ.

ಆದರೂ ಮಿತಿ ಪಾಲಿಸಿಯಲ್ಲಿ ಬರೆದಿರುವುದರಿಂದ ಅದನ್ನು ಒಪ್ಪುತ್ತೇನೆ. ನನ್ನ ತಕರಾರು ಅದರ ನಂತರದ ಲೆಕ್ಕದ ಮೇಲೆ. ನೀವು ಪೂರ್ತಿ ₹2,00,000ಕ್ಕೆ ಶೇ. 20ರಂತೆ ₹40,000 ಸಹಪಾವತಿ ತೆಗೆದು, ಆ ಮೊತ್ತವನ್ನು ಮಿತಿಯ ₹1,20,000ದಲ್ಲಿ ಕಳೆದಿದ್ದೀರಿ. ಸಹಪಾವತಿ ಎಂದರೆ ಒಪ್ಪಿತ ಕ್ಲೇಮ್ ಮೊತ್ತದ ಮೇಲಿನ ಪಾಲು ಎಂದು ನಿಮ್ಮ ಪಾಲಿಸಿಯ ವ್ಯಾಖ್ಯೆಯಲ್ಲೇ ಇದೆ. ಮಿತಿ ಹಾಕಿದ ಮೇಲೆ ಒಪ್ಪಿತ ಮೊತ್ತ ₹1,20,000. ಅದರ ಶೇ. 20 ಎಂದರೆ ₹24,000. ನಮಗೆ ಬರಬೇಕಿದ್ದದ್ದು ₹96,000. ಮಿತಿಯಿಂದಾಗಿ ₹80,000 ನಾವು ಆಗಲೇ ಹೊತ್ತಿದ್ದೇವೆ. ನೀವು ಕೊಡದ ಆ ಹಣಕ್ಕೂ ಮತ್ತೆ ನಮ್ಮಿಂದಲೇ ಪಾಲು ಕೇಳುವುದು ಅನ್ಯಾಯ.

ಬಾಕಿ ₹16,000 ಕೊಡಿ. ಕೊಡುವುದಿಲ್ಲವೆಂದಾದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರೆದು ತಿಳಿಸಿ. 30 ದಿನಗಳೊಳಗೆ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇನೆ.

ಇನ್ನೊಂದು ವಿಷಯ. ನಮ್ಮ ಮಾವನವರಿಗೂ ಪಾಲಿಸಿ ಮಾಡಿಸಬೇಕೆಂದಿದ್ದೇವೆ. ಅವರಿಗೆ 72, ಸಕ್ಕರೆ ಕಾಯಿಲೆಯೂ ಇದೆ. ನಿಮ್ಮ ಏಜೆಂಟರು ಮತ್ತೆ ಬಂದಿದ್ದರು. ಈ ಸಲ ಬಾಯಿಮಾತು ಬೇಡ. ಕಣ್ಣಿನ ಪೊರೆ, ಮೊಣಕಾಲು, ಹೃದಯದ ಚಿಕಿತ್ಸೆಗೆ ಬೇರೆಬೇರೆ ಮಿತಿ ಎಷ್ಟು? ಆ ಮಿತಿ ಒಂದು ಕಣ್ಣಿಗೋ, ಒಂದು ವರ್ಷಕ್ಕೋ? ಅವ್ವನ ಎಡಗಾಲಿನ ಶಸ್ತ್ರಚಿಕಿತ್ಸೆಯೂ ಬಾಕಿ ಇರುವುದರಿಂದ ಇದು ನಮಗೆ ಬಹಳ ಮುಖ್ಯ. ಸಹಪಾವತಿ ಎಲ್ಲ ಕ್ಲೇಮಿಗೂ ಇದೆಯೋ, ಹೆಚ್ಚು ಪ್ರೀಮಿಯಂ ಕಟ್ಟಿದರೆ ತೆಗೆಯಬಹುದೋ? ಸಕ್ಕರೆ ಕಾಯಿಲೆಯಿಂದ ಬರುವ ತೊಂದರೆಗಳಿಗೆ ಎಷ್ಟು ತಿಂಗಳು ಕಾಯಬೇಕು? ಮೇಲೆ ಹೇಳಿದ ₹2,00,000 ಬಿಲ್ಲನ್ನೇ ಇಟ್ಟುಕೊಂಡು, ಹೊಸ ಪಾಲಿಸಿಯಲ್ಲಿ ಕೈಗೆ ಎಷ್ಟು ಬರುತ್ತದೆ ಎಂಬ ಲೆಕ್ಕವನ್ನೂ ಬರೆದು ಕೊಡಿ.

ಅವ್ವನ ಪಾಲಿಸಿಯ ಗ್ರಾಹಕ ಮಾಹಿತಿ ಪತ್ರವನ್ನು ಕನ್ನಡದಲ್ಲಿ ಕಳಿಸಿ. ಅವರು ತಾವೇ ಓದಿಕೊಳ್ಳುತ್ತಾರೆ.

ಇಂತಿ,
ಪಾಲಿಸಿದಾರರ ಮಗ, ಗದಗ

ಲಗತ್ತು: ಪಾಲಿಸಿ ಪ್ರತಿ, ಆಸ್ಪತ್ರೆಯ ಅಂತಿಮ ಬಿಲ್ಲು, ನಿಮ್ಮ ಕ್ಲೇಮ್ ಇತ್ಯರ್ಥ ಪತ್ರ