ವಿಷಯ: ಇಂಟರ್ನ್‌ಗಳ ಸ್ಟೈಪೆಂಡ್‌ನಲ್ಲಿ ಹಿಡಿದ ಟಿಡಿಎಸ್ ಹಣಕ್ಕೆ ಲೆಕ್ಕ ಕೊಡದಿರುವುದರ ಬಗ್ಗೆ ದೂರು

ಬೆಂಗಳೂರು
25 ಆಗಸ್ಟ್ 2025

ಮಾನವ ಸಂಪನ್ಮೂಲ ಮತ್ತು ಲೆಕ್ಕಪತ್ರ ವಿಭಾಗಗಳ ಮುಖ್ಯಸ್ಥರಿಗೆ,

ಮಾನ್ಯರೇ,

ನಮ್ಮ ಕಾಲೇಜಿನ ಅಂತಿಮ ವರ್ಷದ ಆರು ಮಂದಿ ವಿದ್ಯಾರ್ಥಿಗಳು 2025ರ ಜನವರಿಯಿಂದ ಮೇ ಕೊನೆಯವರೆಗೆ ನಿಮ್ಮಲ್ಲಿ ಇಂಟರ್ನ್‌ಶಿಪ್ ಮಾಡಿದರು. ಆಫರ್ ಲೆಟರ್ ಪ್ರಕಾರ ಸ್ಟೈಪೆಂಡ್ ತಿಂಗಳಿಗೆ 15,000 ರೂಪಾಯಿ. ಕೈಗೆ ಬಂದದ್ದು 13,500. ಉಳಿದ 1,500 'ಟಿಡಿಎಸ್ 10%' ಎಂದು ಪ್ರತಿ ತಿಂಗಳ ಸ್ಲಿಪ್‌ನಲ್ಲೂ ಕಡಿತವಾಗಿದೆ. ಒಬ್ಬೊಬ್ಬರಿಂದ ಐದು ತಿಂಗಳಿಗೆ 7,500, ಆರು ಮಂದಿಯಿಂದ 45,000 ರೂಪಾಯಿ. ಈ ಹಣ ಸರ್ಕಾರಕ್ಕೆ ಸೇರಿದ ಸುಳಿವು ಇವತ್ತಿನವರೆಗೂ ಇಲ್ಲ. ಫೋನ್ ಮಾಡಿದ್ದೇವೆ, ಮೇಲ್ ಹಾಕಿದ್ದೇವೆ, ಫಲ ಸಿಕ್ಕಿಲ್ಲ. ಅದಕ್ಕೇ ಈ ಪತ್ರ.

ಸುಳಿವು ಇಲ್ಲ ಎನ್ನುವುದನ್ನು ಊಹಿಸಿ ಬರೆಯುತ್ತಿಲ್ಲ. ಆರೂ ಮಂದಿಯನ್ನು ಕಂಪ್ಯೂಟರ್ ಲ್ಯಾಬ್‌ನಲ್ಲಿ ಕೂರಿಸಿ, ಒಬ್ಬೊಬ್ಬರೂ ತಮ್ಮ ಪ್ಯಾನ್‌ನಿಂದ ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ, e-File > Income Tax Returns > View Form 26AS ತೆರೆಯುವಂತೆ ಮಾಡಿದೆವು. ನಿಮ್ಮ ಸಂಸ್ಥೆ ಹಣ ಕಟ್ಟಿ, ತ್ರೈಮಾಸಿಕ ವಿವರಪಟ್ಟಿ ಸಲ್ಲಿಸಿದ್ದರೆ ನಿಮ್ಮ ಹೆಸರು, ಟ್ಯಾನ್ ಸಂಖ್ಯೆ, ಕೊಟ್ಟ ಮೊತ್ತ, ಹಿಡಿದ ತೆರಿಗೆ ಅಲ್ಲಿ ಸಾಲಾಗಿ ಕಾಣಬೇಕಿತ್ತು. ಐದು ಮಂದಿಯದು ಪೂರ್ತಿ ಖಾಲಿ. ಆರನೆಯವನದರಲ್ಲಿ ಒಂದು ನಮೂದು ಇದೆ, ಅದು ಅವನ ಬ್ಯಾಂಕಿನದು.

ಖಾಲಿ ಕಾಣುವುದಕ್ಕೆ ಮೂರು ಕಾರಣ ಇರಬಹುದು. ನೀವು ಹಣವನ್ನೇ ಕಟ್ಟಿಲ್ಲ. ಅಥವಾ ಚಲನ್ ಕಟ್ಟಿ, 26ಕ್ಯೂ ವಿವರಪಟ್ಟಿ ಸಲ್ಲಿಸಿಲ್ಲ. ಅಥವಾ ಪಟ್ಟಿಯಲ್ಲಿ ಪ್ಯಾನ್ ತಪ್ಪಾಗಿ ನಮೂದಾಗಿದೆ. ಎರಡು ಮತ್ತು ಮೂರನೆಯದು ಸರಿಹೋಗುವ ತಪ್ಪುಗಳು, ಪಟ್ಟಿ ಸಲ್ಲಿಸಿದರೆ ಅಥವಾ ತಿದ್ದುಪಡಿ ಪಟ್ಟಿ ಹಾಕಿದರೆ ಮುಗಿಯಿತು. ಆರು ಪ್ಯಾನ್‌ಗಳೂ ಒಟ್ಟಿಗೆ ತಪ್ಪಾಗುವುದು ನಂಬುವ ಮಾತಲ್ಲ. ಯಾವ ಕಾರಣ ಎನ್ನುವುದು ನಿಮ್ಮ ಚಲನ್ ತೆಗೆದು ನೋಡಿದರೆ ಗೊತ್ತಾಗುತ್ತದೆ. ನಾವು ಮೊದಲಿನಿಂದ ಕೇಳುತ್ತಿರುವುದು ಅದನ್ನೇ.

ಗಡುವುಗಳು ನಿಮ್ಮ ಲೆಕ್ಕಪತ್ರ ವಿಭಾಗಕ್ಕೆ ಗೊತ್ತಿಲ್ಲದೆ ಇರಲಾರವು. ಜನವರಿಯಲ್ಲಿ ಹಿಡಿದದ್ದನ್ನು ಫೆಬ್ರವರಿ 7ರೊಳಗೆ, ಫೆಬ್ರವರಿಯದನ್ನು ಮಾರ್ಚ್ 7ರೊಳಗೆ, ಮಾರ್ಚ್‌ನದನ್ನು ಏಪ್ರಿಲ್ 30ರೊಳಗೆ ಕಟ್ಟಬೇಕಿತ್ತು. ಆ ತ್ರೈಮಾಸಿಕದ ಪಟ್ಟಿಗೆ ಮೇ 31 ಕೊನೆಯ ದಿನ, ವಿದ್ಯಾರ್ಥಿಗಳ ಕೈಗೆ ಟಿಡಿಎಸ್ ಪ್ರಮಾಣಪತ್ರವಾದ ಫಾರಂ 16ಎ ಕೊಡಲು ಜೂನ್ 15. ಏಪ್ರಿಲ್, ಮೇ ತಿಂಗಳ ಪಟ್ಟಿಗೆ ಜುಲೈ 31, ಅದರ 16ಎಗೆ ಆಗಸ್ಟ್ 15. ಎಲ್ಲವೂ ದಾಟಿ ಹೋಗಿವೆ.

ಏಪ್ರಿಲ್, ಮೇ ಕಡಿತದ ಬಗ್ಗೆ ಬೇರೆಯೇ ತಕರಾರು ಇದೆ. ನೀವು ಸ್ಟೈಪೆಂಡನ್ನು ಸೆಕ್ಷನ್ 194ಜೆ ಅಡಿ ವೃತ್ತಿಪರ ಶುಲ್ಕ ಎಂದು ಲೆಕ್ಕ ಹಾಕಿದ್ದೀರಿ. ಬೆಳಿಗ್ಗೆ ಒಂಬತ್ತಕ್ಕೆ ಬೆರಳಚ್ಚು ಒತ್ತಿಸಿ, ರಜೆಗೆ ಮ್ಯಾನೇಜರ್ ಒಪ್ಪಿಗೆ ಬೇಕು ಎಂದು ಹೇಳಿ ದುಡಿಸಿದ ಹುಡುಗರನ್ನು ಸ್ವತಂತ್ರ ವೃತ್ತಿಪರರು ಎನ್ನುವುದೇ ನಮಗೆ ಒಪ್ಪಿಗೆಯಿಲ್ಲ. ಅದನ್ನು ಸಂಬಳ ಎಂದು ಪರಿಗಣಿಸಿದ್ದರೆ ಒಂದು ರೂಪಾಯಿಯೂ ಹಿಡಿಯುವ ಹಾಗಿರಲಿಲ್ಲ, ಏಕೆಂದರೆ ಇವರ ವರ್ಷದ ಆದಾಯ ತೆರಿಗೆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಸರಿ, ನಿಮ್ಮ ಲೆಕ್ಕವನ್ನೇ ಹಿಡಿಯೋಣ. 2024-25ರಲ್ಲಿ 194ಜೆ ಮಿತಿ 30,000 ರೂಪಾಯಿ. ಜನವರಿಯಿಂದ ಮಾರ್ಚ್‌ವರೆಗೆ ಒಬ್ಬರಿಗೆ 45,000 ಆದ್ದರಿಂದ 4,500 ಹಿಡಿದದ್ದಕ್ಕೆ ಆಧಾರ ಇದೆ. ಆದರೆ 2025ರ ಏಪ್ರಿಲ್ 1ರಿಂದ ಆ ಮಿತಿ 50,000ಕ್ಕೆ ಏರಿತು. ಏಪ್ರಿಲ್ ಮತ್ತು ಮೇ ಸೇರಿ ನೀವು ಒಬ್ಬರಿಗೆ ಕೊಡಬೇಕಾದದ್ದು 30,000 ಮಾತ್ರ, ಇಂಟರ್ನ್‌ಶಿಪ್ ಮೇ ತಿಂಗಳಲ್ಲೇ ಮುಗಿಯುತ್ತದೆ ಎಂದು ಆಫರ್ ಲೆಟರ್‌ನಲ್ಲೇ ಇದೆ. ಹಾಗಿದ್ದೂ ತಲಾ 3,000 ಕಡಿತ ಮಾಡಿದ್ದೀರಿ. ಮಿತಿಯನ್ನೇ ನೋಡದೆ ಸಾಫ್ಟ್‌ವೇರ್ ಕಡಿತ ಮಾಡುತ್ತಿರಬೇಕು ಎಂದು ನಾವು ಮೇ ತಿಂಗಳಲ್ಲೇ ತಿಳಿಸಿದ್ದೆವು.

ಇನ್ನು ಜುಲೈನ ಆ ಫೋನ್ ಮಾತು. ನಮ್ಮ ಒಬ್ಬ ವಿದ್ಯಾರ್ಥಿನಿ ಪ್ಲೇಸ್‌ಮೆಂಟ್ ಕೊಠಡಿಯಲ್ಲಿ, ನಮ್ಮೆದುರೇ, ಸ್ಪೀಕರ್ ಹಾಕಿ ನಿಮ್ಮ ಲೆಕ್ಕಪತ್ರ ವಿಭಾಗಕ್ಕೆ ಕರೆ ಮಾಡಿದಳು. "ಸರ್, ನಮ್ಮ ಫಾರಂ 16ಎ ಯಾವಾಗ ಸಿಗುತ್ತೆ?" ಎಂದು ಕೇಳಿದ್ದಕ್ಕೆ, "ಇಂಟರ್ನ್‌ಗೆಲ್ಲ 16ಎ ಎಲ್ಲಮ್ಮಾ ಕೊಡ್ತಾರೆ?" ಎಂಬ ಉತ್ತರ ಬಂತು. "ಟಿಡಿಎಸ್ ಕಟ್ ಮಾಡಿದ್ದೀರಲ್ಲ ಸರ್, ರಿಟರ್ನ್ ಹಾಕಿದ್ರೆ ವಾಪಸ್ ಬರುತ್ತಂತೆ" ಎಂದಳು. "ಯಾರು ಹೇಳಿದ್ದು? ನಿಮ್ಮ ಮೇಷ್ಟ್ರಾ? ಅವರನ್ನೇ ಕೇಳು ಹೋಗು." ಅವಳು ಬಿಡದೆ, "ಚಲನ್ ನಂಬರ್ ಆದ್ರೂ ಕೊಡಿ ಸರ್" ಎಂದಳು. ಆಗ ಆ ಕಡೆಯವರು ಪಕ್ಕದವರಿಗೆ, "ಹದಿನೈದು ಸಾವಿರದ ಇಂಟರ್ನು, ಚಲನ್ ಕೇಳ್ತಾಳೆ ನೋಡು" ಎಂದದ್ದೂ, ಅಲ್ಲಿ ನಕ್ಕದ್ದೂ ಸ್ಪಷ್ಟವಾಗಿ ಕೇಳಿಸಿತು. ಕೊನೆಗೆ, "ನಿನಗೆ ಕಂಪ್ಲೀಷನ್ ಸರ್ಟಿಫಿಕೇಟ್ ಬೇಕೋ, ಈ ಏಳೂವರೆ ಸಾವಿರ ಬೇಕೋ? ಮೊದಲು ಅದನ್ನ ತೀರ್ಮಾನ ಮಾಡು" ಎಂದು ಹೇಳಿ ಫೋನ್ ಇಟ್ಟರು. ಆ ಹುಡುಗಿ ಏನೂ ಮಾತಾಡದೆ ಸ್ಲಿಪ್‌ಗಳನ್ನು ಜೋಡಿಸಿಕೊಂಡು ಹೊರಗೆ ಹೋದಳು. ಅವಳು ಮುಖ್ಯ ಪರೀಕ್ಷೆ ಮುಗಿಸಿ ಕೆಲಸಕ್ಕೆ ಸೇರಬೇಕಾದವಳು, ಸರ್ಟಿಫಿಕೇಟ್ ಹೆದರಿಕೆ ಹಾಕಿದರೆ ಬಾಯಿ ಮುಚ್ಚುತ್ತಾಳೆ ಎಂದು ನಿಮ್ಮವರಿಗೆ ಗೊತ್ತಿತ್ತು. ಇದಕ್ಕೆ ನಾವು ಸಿಟ್ಟಾಗಿದ್ದೇವೆ, ಮುಚ್ಚಿಡುವುದಿಲ್ಲ.

ಈ ಹಣ ಅವರಿಗೆ ವಾಪಸ್ ಬರುವಂಥದ್ದು. ಆದಾಯ ಮಿತಿಯೊಳಗಿದ್ದವರು ರಿಟರ್ನ್ ಹಾಕಿದರೆ ಹಿಡಿದ ತೆರಿಗೆ ಪೂರ್ತಿ ಮರಳುತ್ತದೆ. 2024-25ರ ಆದಾಯಕ್ಕೆ ರಿಟರ್ನ್ ಸಲ್ಲಿಸಲು ಈ ಸಲ ಸೆಪ್ಟೆಂಬರ್ 15ರವರೆಗೆ ಅವಕಾಶ ಇದೆ. ಆದರೆ 26ಎಎಸ್‌ನಲ್ಲಿ ನಮೂದಿಲ್ಲದ ತೆರಿಗೆಯನ್ನು ಕೇಳಿದರೆ ಬೆಂಗಳೂರಿನ ಪ್ರೊಸೆಸಿಂಗ್ ಕೇಂದ್ರದ ವ್ಯವಸ್ಥೆ ತಾಳೆ ನೋಡಿ ತಿರಸ್ಕರಿಸುತ್ತದೆ. ಹಿಡಿದ ತೆರಿಗೆಯನ್ನು ಮತ್ತೆ ವಿದ್ಯಾರ್ಥಿಯಿಂದ ವಸೂಲಿ ಮಾಡಬಾರದು ಎಂದು ಸೆಕ್ಷನ್ 205 ಹೇಳುತ್ತದೆ, ಹಾಗೆಂದು ರೀಫಂಡ್ ತಾನಾಗಿ ಖಾತೆಗೆ ಬಂದು ಬೀಳುವುದಿಲ್ಲ. ಅದಕ್ಕೆ ಅರ್ಜಿ, ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಅಲೆಯಬೇಕು. ಏಪ್ರಿಲ್, ಮೇ ಕಡಿತದ ರೀಫಂಡ್ ಕೇಳಲು ಮುಂದಿನ ವರ್ಷದ ರಿಟರ್ನ್‌ವರೆಗೆ ಕಾಯಬೇಕು. ನಿಮ್ಮ ಒಂದು ತಪ್ಪಿಗೆ ಅವರ ದುಡ್ಡು ವರ್ಷಗಟ್ಟಲೆ ಸಿಕ್ಕಿಕೊಳ್ಳುತ್ತದೆ.

ಆದ್ದರಿಂದ ಸೆಪ್ಟೆಂಬರ್ 5ರೊಳಗೆ ಹೀಗೆ ಮಾಡಿ. ಜನವರಿ-ಮಾರ್ಚ್ ಕಡಿತ ಕಟ್ಟಿದ್ದರೆ ಚಲನ್ ವಿವರ ಮತ್ತು ಟ್ರೇಸಸ್‌ನಿಂದ ಇಳಿಸಿದ 16ಎ ಕಳಿಸಿ. ಕಟ್ಟಿಲ್ಲವಾದರೆ ಬಡ್ಡಿ ಸೇರಿಸಿ ಕಟ್ಟಿ ಪಟ್ಟಿ ಸಲ್ಲಿಸಿ, ಆ ಬಡ್ಡಿ ಮತ್ತು ದಿನಕ್ಕೆ 200 ರೂಪಾಯಿ ತಡ ಶುಲ್ಕ ನಿಮ್ಮ ಖರ್ಚು, ಅದನ್ನು ಮಕ್ಕಳ ಮೇಲೆ ಹಾಕಬೇಡಿ. ಏಪ್ರಿಲ್, ಮೇನ ತಲಾ 3,000 ಇನ್ನೂ ಸರ್ಕಾರಕ್ಕೆ ಕಟ್ಟಿಲ್ಲವಾದರೆ ನೇರವಾಗಿ ಅವರ ಖಾತೆಗೆ ಹಿಂತಿರುಗಿಸಿ. ಆರೂ ಮಂದಿಯ ಕಂಪ್ಲೀಷನ್ ಸರ್ಟಿಫಿಕೇಟ್‌ಗಳನ್ನು ಯಾವ ಷರತ್ತೂ ಇಲ್ಲದೆ ಕೊಡಿ.

ಆಗದಿದ್ದರೆ ಐದು ತಿಂಗಳ ಸ್ಲಿಪ್, ಬ್ಯಾಂಕ್ ಜಮೆ ಮತ್ತು ಖಾಲಿ 26ಎಎಸ್ ಪ್ರತಿಗಳೊಂದಿಗೆ ಆದಾಯ ತೆರಿಗೆ ಇಲಾಖೆಯ ಟಿಡಿಎಸ್ ಕಚೇರಿಗೆ ಆರು ದೂರುಗಳು ಹೋಗುತ್ತವೆ. ಹಿಡಿದ ತೆರಿಗೆ ಕಟ್ಟದಿದ್ದರೆ ಸೆಕ್ಷನ್ 276ಬಿ ಅಡಿ ಮೂರು ತಿಂಗಳಿಂದ ಏಳು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಪಟ್ಟಿಯ ಗಡುವಿನೊಳಗೆ ಕಟ್ಟಿದವರಿಗೆ ವಿನಾಯಿತಿ ಉಂಟು, ಜನವರಿ-ಮಾರ್ಚ್ ತ್ರೈಮಾಸಿಕಕ್ಕೆ ಆ ಗಡುವು ಮೇ 31ಕ್ಕೇ ಮುಗಿದಿದೆ. ನಿಮ್ಮ ಸಂಸ್ಥೆಯನ್ನು ಈ ವರ್ಷದ ಕ್ಯಾಂಪಸ್ ಡ್ರೈವ್‌ಗೆ ಕರೆಯುವುದಿಲ್ಲ, ಬೇರೆ ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಗಳು ಕೇಳಿದಾಗ ಈ ಪತ್ರದ ಪ್ರತಿಯನ್ನೇ ಕೊಡುತ್ತೇವೆ.

ಇಂತಿ,
ಇಂಟರ್ನ್‌ಶಿಪ್ ಸಂಯೋಜಕರು
(ಲಗತ್ತು: ಸ್ಟೈಪೆಂಡ್ ಸ್ಲಿಪ್‌ಗಳು 30, 26ಎಎಸ್ ಪ್ರತಿಗಳು 6)